ಹೆಗಲ ಮೇಲಿನ ಕೈ

ಓವರ್‌ಸಿಯರ್ ಸಾಹೇಬರ ಬೀಳ್ಕೊಡುಗೆಗೆ ಇನ್ನು ಹದಿನೈದು ದಿನ ಇರುವಾಗ ಅವರ ಫೋಟೊಗೆ ಬ್ಲೇಡು ಹಾಕಿದವನು ನಾನು. ಇದನ್ನು ಮೊದಲು ಕಂಡವರು ನಮ್ಮ ಅಡುಗೆಯವರು. ಚಹಾ ಲೋಟ ಹಿಡಿದು ಒಳಗೆ ಬಂದವರು ಹಾಗೇ ನಿಂತುಬಿಟ್ಟರು.

"ಏನ್ರೀ ಇದು? ಬದುಕಿರೋರ ಫೋಟೊ ಹಿಂಗೆ ಕತ್ತರಿಸ್ತಾರೇನ್ರೀ ಯಾರಾದ್ರೂ? ನನ್ನೂ ಕತ್ತರಿಸ್ತೀರೇನು?"

"ನಿಮ್ಮನ್ನ ಆಗ್ಲೇ ಕತ್ತರಿಸಿ ಆಯ್ತು, ಅಲ್ನೋಡ್ರಿ," ಎಂದು ಮೇಜಿನ ಮೇಲಿದ್ದ ಗಾಜಿನ ಆಚೆ ಬದಿಗೆ ಕೈ ತೋರಿಸಿದೆ. ತಮ್ಮದೇ ಎರಡಂಗುಲದ ದೇಹ ಪುಸ್ತಕದ ಮೇಲೆ ಮಲಗಿರುವುದನ್ನು ನೋಡಿ ಅವರು ಚಹಾವನ್ನು ನನಗೆ ಕೊಡದೆ ತಾವೇ ಕುಡಿದರು. ಆಮೇಲೆ ಹೇಳಿದರು: "ಮಾಡ್ಕಳ್ರಿ. ಆದ್ರೆ ಯಾಕೆ ಕತ್ತರಿಸ್ದೆ ಅಂತ ಆವತ್ತು ಎಲ್ರ ಎದ್ರಿಗೆ ಒಬ್ಬೊಬ್ಬರ ಹೆಸ್ರು ಹಿಡಿದು ಹೇಳ್ಬೇಕು ನೋಡ್ರಿ. ಇಲ್ದಿದ್ರೆ ಒಳ್ಳೇದಲ್ಲ." ನಾನು ಒಪ್ಪಿಕೊಂಡೆ. ಭಾಷಣ ಮಾಡುವ ಚಟ ನನಗಿರಲಿಲ್ಲ, ಹೀಗೆ ಗಂಟುಬಿತ್ತು.

ನಮ್ಮದು ಕೆರೆ, ಕಾಲುವೆಗಳ ಮಟ್ಟ ಅಳೆಯುವ ಸಣ್ಣ ತಂಡ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆ ನಮ್ಮ ಓಡಾಟ; ಎಪ್ಪತ್ತರ ದಶಕದ ಕೊನೆಗೆ ಒಂದು ಬೇಸಿಗೆ ಜಗಳೂರಿಗೂ ಕಳಿಸಿದ್ದರು. ಸಾಹೇಬರು ದುರ್ಬೀನಿನಲ್ಲಿ ನೋಡುವವರು. ಎದುರಿಗೆ ದೂರದಲ್ಲಿ ಅಂಕಿ ಬರೆದ ನಾಲ್ಕು ಮೀಟರ್ ಎತ್ತರದ ಅಳತೆಗೋಲನ್ನು ಒಬ್ಬರು ನೆಟ್ಟಗೆ ಹಿಡಿದು ನಿಲ್ಲಬೇಕು. ಆ ಕೋಲಿಗೆ ಸ್ಟಾಫ್ ಎನ್ನುತ್ತೇವೆ, ಅದನ್ನು ಹಿಡಿಯುತ್ತಿದ್ದವರನ್ನು ಎಲ್ಲರೂ ಸ್ಟಾಫಣ್ಣ ಎಂದೇ ಕರೆಯುತ್ತಿದ್ದೆವು. ಸರಪಳಿ ಎಳೆಯಲು ಒಬ್ಬರು ಹಿರಿಯ ಚೈನ್‌ಮನ್, ಒಬ್ಬ ಕಿರಿಯ ಚೈನ್‌ಮನ್. ಮತ್ತೆ ಅಡುಗೆಯವರು. ನಕ್ಷೆ ಬರೆಯುವವನು ನಾನು. ಒಟ್ಟು ಆರು ಜನ.

ಆರು ಜನರೂ ಒಟ್ಟಿಗಿರುವ ಫೋಟೊ ಇದ್ದದ್ದು ಒಂದೇ. ಎರಡು ವರ್ಷದ ಹಿಂದೆ ಚನ್ನಗಿರಿಗೆ ದೊಡ್ಡ ಅಧಿಕಾರಿಯೊಬ್ಬರು ಬಂದಾಗ ತೆಗೆದದ್ದು. ನಡುವೆ ಹಾರ ಹಾಕಿಕೊಂಡು ಅವರು, ಅಕ್ಕಪಕ್ಕ ಕುರ್ಚಿಗಳಲ್ಲಿ ಅವರ ಜೊತೆ ಬಂದವರು, ಸುತ್ತ ಮೂವತ್ತಕ್ಕೂ ಹೆಚ್ಚು ಜನ. ನಮ್ಮವರು ಹುಡುಕಿದರೆ ಸಿಗುವಂತೆ ಚೆಲ್ಲಿಹೋಗಿದ್ದರು. ಚೈನ್‌ಮನ್‌ಗಳು ಎಡಗಡೆ ನೆಲದ ಮೇಲೆ, ಅಡುಗೆಯವರು ಬಲಗಡೆ ನೆಲದ ಮೇಲೆ, ಸಾಹೇಬರು ನಿಂತವರ ಸಾಲಿನ ಕೊನೆಗೆ, ಸ್ಟಾಫಣ್ಣ ಅವರ ಹಿಂದೆ ಬೆಂಚಿನ ಮೇಲೆ. ನಾನು ಇಬ್ಬರು ಗುಮಾಸ್ತರ ನಡುವೆ ಕುತ್ತಿಗೆಯಿಂದ ಮೇಲಕ್ಕೆ ಮಾತ್ರ. ಹೊಸದಾಗಿ ತೆಗೆಸೋಣವೆಂದರೆ ಹಿರಿಯ ಚೈನ್‌ಮನ್ ಹಿಂದಿನ ವರ್ಷ ತೀರಿಕೊಂಡಿದ್ದರು. ಅದಕ್ಕೇ ಈ ಆರು ಜನರನ್ನು ಕತ್ತರಿಸಿ ತೆಗೆದು ಒಂದೇ ಹಲಗೆಯ ಮೇಲೆ ಕೂಡಿಸಿ ಸಾಹೇಬರ ಕೈಗೆ ಕೊಡಬೇಕೆಂದು ನನಗೆ ಹೊಳೆದದ್ದು.

ಕಚೇರಿಯ ಪ್ರತಿಯನ್ನು ದಪ್ಪ ರಟ್ಟಿಗೆ ಅಂಟಿಸಿದ್ದರು. ಅದನ್ನು ನೀರಿನಲ್ಲಿ ನೆನೆಸಿ ಬಿಡಿಸಲು ಹೋಗಿ ಒಂದು ಮೂಲೆ ಹರಿದುಕೊಂಡೆ. ದೊಡ್ಡ ಅಧಿಕಾರಿಗಳ ಹಿಂದಿನ ಗಿಡವೊಂದು ಹೋಯಿತು, ಪುಣ್ಯಕ್ಕೆ ಜನರಿಗೆ ಏನೂ ಆಗಲಿಲ್ಲ. ಅಷ್ಟಕ್ಕೆ ಕೈಬಿಟ್ಟು, ಮರುದಿನ ಬಸ್ಸು ಹತ್ತಿ ಹೊನ್ನಾಳಿಗೆ ಹೋದೆ. ಫೋಟೊ ತೆಗೆದ ಸ್ಟುಡಿಯೊದವರು ಅಲ್ಲಿಯವರು. ನೆಗೆಟಿವ್ ಇನ್ನೂ ಇತ್ತು. ರಟ್ಟಿಲ್ಲದ ಎರಡು ಪ್ರತಿ ಬೇಕು, ತೆಳು ಕಾಗದ, ಹೊಳಪಿಲ್ಲದ್ದು ಎಂದೆ.

"ಎರಡ್ಯಾಕೆ?" ಎಂದರು.

ಸಾಲುಸಾಲಾಗಿ ನಿಂತ ಜನರನ್ನು ಒಂದೇ ಪ್ರತಿಯಿಂದ ಕತ್ತರಿಸಲು ಬರುವುದಿಲ್ಲ. ಒಬ್ಬನ ಭುಜದ ಗೆರೆಯೇ ಪಕ್ಕದವನ ತೋಳಿನ ಗೆರೆ. ಇವನನ್ನು ಪೂರ್ತಿ ತೆಗೆದರೆ ಅವನ ಪಾಲಿಗೆ ಹಲ್ಲಿನಿಂದ ಕಚ್ಚಿದಂಥ ಅಂಚು ಉಳಿಯುತ್ತದೆ. ಅಕ್ಕಪಕ್ಕದ ಚೈನ್‌ಮನ್‌ಗಳಲ್ಲಿ ಒಬ್ಬರನ್ನು ಒಂದು ಪ್ರತಿಯಿಂದ, ಇನ್ನೊಬ್ಬನನ್ನು ಇನ್ನೊಂದರಿಂದ ತೆಗೆದರೆ ಇಬ್ಬರೂ ಪೂರ್ತಿಯಾಗಿ ಸಿಗುತ್ತಾರೆ. ಇದನ್ನು ವಿವರಿಸಿದಾಗ ಸ್ಟುಡಿಯೊದವರಿಗೆ ನನ್ನ ಮೇಲೆ ಸ್ವಲ್ಪ ಗೌರವ ಬಂದಹಾಗಿತ್ತು.

ಗಾಜಿನ ಮೇಲೆ ಫೋಟೊ ಇಟ್ಟು, ಗಡ್ಡದ ಬ್ಲೇಡನ್ನು ಅರ್ಧ ಮುರಿದು ಹಿಡಿದೆ. ಬ್ಲೇಡು ಒಂದೇ ಕಡೆ ಇರಬೇಕು, ತಿರುಗಬೇಕಾದದ್ದು ಫೋಟೊ. ಮೊದಲು ಕಂಕುಳು, ಮೊಣಕೈ ಸಂದುಗಳಂಥ ಒಳಗಿನ ತಿರುವುಗಳು, ಆಮೇಲೆ ಹೊರಗಿನ ಗೆರೆ. ಕೂದಲಿನ ಹತ್ತಿರ ಗೆರೆಗಿಂತ ಒಂದು ಎಳೆ ಒಳಗೇ ಹೋಗಬೇಕು, ಇಲ್ಲವಾದರೆ ಹಿಂದಿನವನ ಅಂಗಿ ತಲೆಗೆ ಪೇಟದಂತೆ ಸುತ್ತಿಕೊಳ್ಳುತ್ತದೆ. ಕತ್ತರಿಸಿದ ಅಂಚು ಬೆಳ್ಳಗೆ ಎದ್ದು ಕಾಣುತ್ತದೆ. ಅದಕ್ಕೆ ಮೆತ್ತನೆ ಪೆನ್ಸಿಲನ್ನು ಓರೆಯಾಗಿ ಸವರಬೇಕು. ಮೂರು ಸಂಜೆ ಇದೇ ಆಯಿತು.

ತೊಂದರೆ ಆಮೇಲೆ ಕಂಡಿತು. ನೆಲದ ಮೇಲೆ ಕೂತವರು, ಬ್ಲೇಡು ಜಾರಿ ಹೋದ ಒಂದು ತೋಳು ಬಿಟ್ಟರೆ, ಪೂರ್ತಿ ಸಿಕ್ಕಿದ್ದರು. ನಿಂತವರಿಗೆ ಸೊಂಟದಿಂದ ಕೆಳಗೆ ಏನೂ ಇಲ್ಲ, ನನಗಂತೂ ಎದೆಯೂ ಇಲ್ಲ. ಮುಂದಿದ್ದವರ ತಲೆ ದೊಡ್ಡದು, ಹಿಂದಿದ್ದವರದು ಚಿಕ್ಕದು. ಬರಿ ಹಲಗೆಯ ಮೇಲೆ ಇಟ್ಟು ನೋಡಿದರೆ ಅಡುಗೆಯವರು ಸಾಹೇಬರನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವಷ್ಟು ದೊಡ್ಡವರಾಗಿದ್ದರು. ಎರಡು ದಿನ ಸುಮ್ಮನಾದೆ. ಮೂರನೆಯ ದಿನ ನನ್ನ ಕಸುಬೇ ಕೈ ಹಿಡಿಯಿತು. ಕಚೇರಿ ಬೇಡವೆಂದು ಎಸೆದಿದ್ದ ಹಳೆಯ ನಕ್ಷೆ ಹಲಗೆಗೆ ದಪ್ಪ ಕಾಗದ ಎಳೆದು, ಜಗಳೂರಿನಿಂದ ಸೊಕ್ಕೆ ಕಡೆಗೆ ಹೋಗುವಾಗ ನಾವು ಅಳೆದ ನೆಲದ ಏರಿಳಿತವನ್ನು ಕಪ್ಪು ಶಾಯಿಯಲ್ಲಿ ಬರೆದೆ. ಆ ಗೆರೆಯುದ್ದಕ್ಕೂ ಬ್ಲೇಡಿನಿಂದ ಸೀಳು ಮಾಡಿದೆ. ಕಾಲಿಲ್ಲದವರನ್ನು ಸೀಳಿನೊಳಗೆ ಇಳಿಬಿಟ್ಟರೆ ದಿಬ್ಬದ ಆಚೆ ನಿಂತಂತೆ ಕಂಡರು. ಚಿಕ್ಕ ತಲೆಯವರು ದೂರದಲ್ಲಿ, ದೊಡ್ಡ ತಲೆಯವರು ಹತ್ತಿರದಲ್ಲಿ. ನನಗೆ ಎಷ್ಟು ಖುಷಿಯಾಯಿತೆಂದರೆ ಆವತ್ತು ಊಟಕ್ಕೆ ಮುಂಚೆ ಮೂರು ಸಲ ಎದ್ದುಹೋಗಿ ನೋಡಿ ಬಂದೆ.

ಉಳಿದದ್ದು ಸಾಹೇಬರು ಮತ್ತು ಸ್ಟಾಫಣ್ಣ. ಅವರಿಬ್ಬರನ್ನು ನಾನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ.

ಫೋಟೊದವರು ಗುಂಡಿ ಒತ್ತುವ ಹೊತ್ತಿಗೆ ಹಿಂದಿನ ಬೆಂಚು ಅಲ್ಲಾಡಿತ್ತು. ಸ್ಟಾಫಣ್ಣ ಬೀಳದಿರಲು ಮುಂದಿದ್ದ ಸಾಹೇಬರ ಹೆಗಲು ಹಿಡಿದರು. ಫೋಟೊದಲ್ಲಿ ಆ ಕೈ ಐದು ಬೆರಳೂ ಅಗಲಿಸಿ ಸಾಹೇಬರ ಬಿಳಿ ಅಂಗಿಯ ಮೇಲೆ ಕೂತಿದೆ. ಎಷ್ಟೋ ವರ್ಷದ ಗೆಳೆಯರಂತೆ ಕಾಣುತ್ತಾರೆ. ನಿಜವೆಂದರೆ ಜಗಳೂರಿನ ಬೇಸಿಗೆಯಿಂದ ಈಚೆಗೆ ಏಳು ವರ್ಷ ಅವರಿಬ್ಬರ ನಡುವೆ ಕೆಲಸದ ಮಾತು ಬಿಟ್ಟು ಬೇರೆ ಮಾತಿರಲಿಲ್ಲ.

ಎರಡು ಪ್ರತಿ ಇದ್ದರೂ ಇಲ್ಲಿ ಉಪಯೋಗವಿಲ್ಲ. ಸ್ಟಾಫಣ್ಣನನ್ನು ಕೈ ಸಮೇತ ತೆಗೆಯಬಹುದು. ಆದರೆ ಸಾಹೇಬರನ್ನು ಯಾವ ಪ್ರತಿಯಿಂದ ತೆಗೆದರೂ ಹೆಗಲ ಮೇಲೆ ಆ ಕೈ ಇದ್ದೇ ಇದೆ. ಕೈಯನ್ನು ಕತ್ತರಿಸಿದರೆ ಹೆಗಲಿಗೆ ತೂತು. ಬಿಟ್ಟರೆ ಯಾರದೋ ಗೊತ್ತಿಲ್ಲದ ಒಂಟಿ ಕೈ. ಸಾಹೇಬರನ್ನೇ ಕೇಳಿದೆ.

"ತೆಗೆದುಬಿಡು," ಎಂದರು, ಪತ್ರಿಕೆಯಿಂದ ತಲೆ ಎತ್ತದೆ. "ಆ ಕೈ ಮನೇಲಿ ಇಟ್ಕೊಂಡು ನಾನೇನ್ ಮಾಡ್ಲಿ?"

ಸ್ಟಾಫಣ್ಣನನ್ನೂ ಕೇಳಿದೆ. ಅವರು ಅಳತೆಯ ಗುರುತಿಗೆ ನೆಡುವ ಗೂಟಗಳಿಗೆ ಸುಣ್ಣ ಬಳಿಯುತ್ತಿದ್ದರು. "ತೆಗೀರಿ ಮತ್ತೆ. ಬೆಂಚು ಅಲ್ಲಾಡ್ತು, ಹಿಡ್ಕಂಡೆ. ಬೇಕಂತ ಇಟ್ಟ ಕೈ ಅಲ್ಲ ಅದು," ಎಂದರು.

ಮತ್ತೆ ಹೊನ್ನಾಳಿಗೆ ಹೋದೆ. ಸ್ಟುಡಿಯೊದವರು ಭೂತಗನ್ನಡಿ ಹಿಡಿದು ನೋಡಿ, ಸಣ್ಣ ಕುಂಚದಲ್ಲಿ ಬಣ್ಣ ಕೊಟ್ಟರೆ ಕೈಯ ಜಾಗದಲ್ಲಿ ಅಂಗಿ ಬರುತ್ತದೆ, ಯಾರಿಗೂ ತಿಳಿಯುವುದಿಲ್ಲ ಎಂದರು. "ಅರ್ಧ ಗಂಟೆ ಕೂತ್ಕಳ್ರಿ, ಕೈ ಇತ್ತು ಅನ್ನೋದೇ ಮರೀಬೇಕು, ಹಂಗ್ ಮಾಡ್ತೀನಿ." ಅವರು ಕುಂಚವನ್ನು ನಾಲಿಗೆಗೆ ತಾಗಿಸಿ ಮೊನೆ ಮಾಡಿಕೊಂಡರು. ನಾನು ಫೋಟೊ ಕಿತ್ತುಕೊಂಡು ಎದ್ದುಬಿಟ್ಟೆ. ಅವರಿಗೆ ನಾನು ಅರೆಹುಚ್ಚನಂತೆ ಕಂಡಿರಬೇಕು.

ಯಾಕೆ ಎದ್ದೆ ಎಂದು ಹೇಳಬೇಕಾದರೆ ಜಗಳೂರಿಗೆ ಹೋಗಬೇಕು.

ಆ ಬೇಸಿಗೆ ಮಟ್ಟದ ಪುಸ್ತಕದಲ್ಲಿ ಅಂಕಿ ಬರೆಯುವ ಗುಮಾಸ್ತರಿಗೆ ಜ್ವರ ಬಂದು, ಹಂಗಾಮಿಯಾಗಿದ್ದ ನನ್ನನ್ನು ಕರೆದುಕೊಂಡು ಹೋದರು. ಸಾಹೇಬರು ದುರ್ಬೀನಿನಲ್ಲಿ ಕಂಡ ಅಂಕಿ ಕೂಗುತ್ತಾರೆ, ನಾನು ಬರೆದುಕೊಂಡು ತಿರುಗಿ ಕೂಗಬೇಕು. ತಿರುಗಿ ಕೂಗಿದ ಮೇಲೆಯೇ ಸ್ಟಾಫಣ್ಣ ಕೋಲು ಎತ್ತಬೇಕು. ಅದು ಪದ್ಧತಿ. ಕೋಲು ಇಟ್ಟ ಕಲ್ಲನ್ನು, ದುರ್ಬೀನಿನ ಯಂತ್ರ ಮುಂದಕ್ಕೆ ಹೋಗಿ ಅಲ್ಲಿಂದ ಮತ್ತೆ ನೋಡುವವರೆಗೂ ಅಲುಗಿಸುವಂತಿಲ್ಲ. ಸೊಕ್ಕೆ ಹತ್ತಿರ ಬಿಸಿಗಾಳಿ, ಧೂಳು. ನಾನು ತಿರುಗಿ ಕೂಗುವುದನ್ನು ಬಿಟ್ಟೆ, ಬೇಗಬೇಗ ಬರೆದೆ. ಸಂಜೆ, ಎತ್ತರ ಮೊದಲೇ ಗೊತ್ತಿರುವ ಮಟ್ಟದ ಕಲ್ಲಿಗೆ ಬಂದು ಲೆಕ್ಕ ಮುಗಿಸಿದರೆ ಇಪ್ಪತ್ತೇಳು ಸೆಂಟಿಮೀಟರ್ ತಪ್ಪು.

ಮೂರು ದಿನ ಅದೇ ಬಿಸಿಲಿನಲ್ಲಿ ಮತ್ತೆ ಅಳೆದೆವು. ಸರಿಬಂತು. ಒಂದೇ ಒಂದು ಕಲ್ಲಿನಲ್ಲಿ ಹಳೆಯ ಲೆಕ್ಕಕ್ಕೂ ಹೊಸ ಲೆಕ್ಕಕ್ಕೂ ವ್ಯತ್ಯಾಸ. ಕಲ್ಲು ಸರಿದಿದೆ, ಕೋಲು ಹಿಡಿದವನು ಅಲುಗಿಸಿದ್ದಾನೆ ಎಂದು ಸಾಹೇಬರು ತೀರ್ಮಾನಿಸಿದರು. ಎಲ್ಲರ ಎದುರಿಗೆ ಬೈದು, ಕೋಲು ಕಿತ್ತುಕೊಂಡು ಕಿರಿಯ ಚೈನ್‌ಮನ್ ಕೈಗೆ ಕೊಟ್ಟರು. "ಕಲ್ಲು ಸರ್ದಿಲ್ಲ ಸಾಹೇಬ್ರೇ," ಎಂದು ಸ್ಟಾಫಣ್ಣ ಒಂದು ಸಲ ಹೇಳಿದರು. ಎರಡನೆಯ ಸಲ ಹೇಳಲಿಲ್ಲ. ಅವತ್ತಿನಿಂದ ಅವರ ಹೆಗಲಿಗೆ ಗೂಟದ ಚೀಲ ಬಂತು, ಹೆಸರು ಮಾತ್ರ ಸ್ಟಾಫಣ್ಣ ಎಂದೇ ಉಳಿಯಿತು.

ಎರಡು ತಿಂಗಳ ಮೇಲೆ ನಕ್ಷೆ ಬರೆಯುವಾಗ ನಾನು ಆ ಪುಟ ತೆರೆದೆ. ದುರ್ಬೀನಿನಲ್ಲಿ ಮೂರು ಅಡ್ಡಗೆರೆ ಇರುತ್ತವೆ. ಮಟ್ಟಕ್ಕೆ ನಡುವಿನದು, ದೂರ ತಿಳಿಯಲು ಮೇಲಿನದು, ಕೆಳಗಿನದು. ಆ ಕಲ್ಲಿಗೆ ಸಾಹೇಬರು ಮೂರೂ ಕೂಗಿದ್ದರು. ಅಂಚಿನಲ್ಲಿ ನನ್ನದೇ ಅಕ್ಷರದಲ್ಲಿ ಮೇಲಿನದು 2.615, ಕೆಳಗಿನದು 2.115. ನಡುವಿನದು ಎರಡರ ನಟ್ಟನಡುವೆ, 2.365 ಇರಬೇಕು. ನಾನು ಬರೆದದ್ದು 2.635. ಮೂರು ಆರು ಹಿಂದುಮುಂದು. ವ್ಯತ್ಯಾಸ ಇಪ್ಪತ್ತೇಳು ಸೆಂಟಿಮೀಟರ್. ಕಲ್ಲು ಇದ್ದಲ್ಲೇ ಇತ್ತು.

ಪುಟ ಮುಚ್ಚಿದೆ. ಕೆಲಸ ಕಾಯಂ ಆಗಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡೆ. ಕಾಯಂ ಆಯಿತು. ಆಮೇಲೆ ಹೇಳಲು ನಾಚಿಕೆ. ನಾಚಿಕೆಗೆ ವರ್ಷ ಕೂಡಿದಷ್ಟೂ ಬಾಯಿ ಬಿಗಿಯಿತು. ಒಬ್ಬ ಮನುಷ್ಯನ ಕೈಯಿಂದ ಕೋಲು ಕಿತ್ತಿದ್ದವನು ನಾನು, ಈಗ ಅದೇ ಕೈಯನ್ನು ಬ್ಲೇಡಿನಿಂದ ತೆಗೆಯಲು ಕೂತಿದ್ದೆ. ಹೊನ್ನಾಳಿಯಿಂದ ಬಂದವನು ಸಾಹೇಬರನ್ನೂ ಸ್ಟಾಫಣ್ಣನನ್ನೂ ಬೇರೆ ಮಾಡದೆ, ಇಬ್ಬರ ಹೊರಗೆರೆ ಹಿಡಿದು ಒಂದೇ ತುಂಡಾಗಿ ಕತ್ತರಿಸಿದೆ. ಮೈದಾ ಹಿಟ್ಟಿನ ಗಂಜಿಗೆ ಹುಳು ಹಿಡಿಯದಿರಲು ಒಂದು ಚಿಟಿಕೆ ಮೈಲುತುತ್ತ ಹಾಕಿ ಕಾಸಿ, ಹಿಂಬದಿಗೆ ಸವರಿ, ಕಾಗದ ನೀರು ಕುಡಿದು ಹಿಗ್ಗುವವರೆಗೆ ಕಾದು ಅಂಟಿಸಿದೆ. ಕಾಯದೆ ಅಂಟಿಸಿದರೆ ಮುಖಗಳ ಮೇಲೆ ಸುಕ್ಕು ಏಳುತ್ತದೆ. ಮೇಲೆ ಒತ್ತುಕಾಗದ, ಅದರ ಮೇಲೆ ಮಟ್ಟದ ಪುಸ್ತಕಗಳ ಕಟ್ಟು. ಜಗಳೂರಿನ ಪುಸ್ತಕವನ್ನು ಮಾತ್ರ ಕಟ್ಟಿನಿಂದ ಹೊರಗೆ ತೆಗೆದಿಟ್ಟುಕೊಂಡೆ.

ಬೀಳ್ಕೊಡುಗೆ ನ್ಯಾಮತಿಯ ಪ್ರವಾಸಿ ಮಂದಿರದ ಜಗಲಿಯಲ್ಲಿ. ಖಾರಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಒಂದು ಹಾರ. ಸಾಹೇಬರಿಗೆ ನಾಲ್ಕೂವರೆ ಬಸ್ಸು. "ಐದು ನಿಮಿಷ ನೋಡು, ಉದ್ದ ಎಳೀಬೇಡ," ಎಂದರು. ಹಲಗೆಯ ಮೇಲಿನ ಬಟ್ಟೆ ಸರಿಸಿದೆ. ಅಡುಗೆಯವರು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ನಾನು ಶುರುಮಾಡಿದೆ.

"ನಮ್ಮನ್ನೆಲ್ಲ ಯಾಕೆ ಕತ್ತರಿಸಿದೆ ಅಂತ ಹೇಳಬೇಕು, ಹೇಳ್ತೀನಿ. ಆ ಫೋಟೊದಲ್ಲಿ ನಾವು ಇನ್ನೊಬ್ಬರ ಸುತ್ತ ನಿಂತಿದ್ವಿ. ಇಲ್ಲಿ ನಮ್ಮ ಕೆಲಸದ ಸುತ್ತ ನಿಂತಿದೀವಿ, ಅದಕ್ಕೆ.

"ಅಡುಗೆಯವರನ್ನ ಮೊದಲು ಕತ್ತರಿಸಿದೆ. ಅವರು ಮೂಲೇಲಿ, ಅಧಿಕಾರಿಗಳ ಬೂಟಿನ ಪಕ್ಕ ಕೂತಿದ್ರು. ಈ ಹಲಗೆ ಮೇಲೆ ಅವರೇ ಎಲ್ಲರಿಗಿಂತ ಹತ್ತಿರ, ಎಲ್ಲರಿಗಿಂತ ದೊಡ್ಡವರು. ಬಿಸಿಲಲ್ಲಿ ಹೊರಟಾಗ ಹಿಂತಿರುಗಿ ನೋಡಿದ್ರೆ ನಮಗೆ ಕಾಣ್ತಿದ್ದದ್ದು ಅವರ ಹೊಗೆ.

"ಹಿರಿಯ ಚೈನ್‌ಮನ್ ಈಗಿಲ್ಲ. ಅವರನ್ನ ಪಕ್ಕದವನಿಂದ ಬಿಡಿಸಿ ಸರಪಳಿಯ ಈ ತುದೀಲಿ ಇಟ್ಟಿದೀನಿ, ಹೊರಟ ಜಾಗದಲ್ಲಿ. ಆ ತುದೀಲಿ ಕಿರಿಯ ಚೈನ್‌ಮನ್. ನಡುವಿನ ಗೆರೆ ಅವರಿಬ್ಬರೂ ಎಳೆದ ಸರಪಳಿ. ಅವನ ಒಂದು ತೋಳು ಅರ್ಧ ಹೋಗಿದೆ, ತಪ್ಪು ನನ್ನ ಬ್ಲೇಡಿನದು, ಕ್ಷಮಿಸಪ್ಪಾ.

"ನಾನು ಕುತ್ತಿಗೆಯಿಂದ ಮೇಲೆ ಮಾತ್ರ ಇದೀನಿ. ದಿಬ್ಬದ ಹಿಂದೆ ಅಡಗಿಸಿ ಇಟ್ಕೊಂಡಿದೀನಿ. ಅದು ಸರಿಯಾದ ಜಾಗ, ಯಾಕೆ ಅಂತ ಈಗ ಗೊತ್ತಾಗ್ತದೆ.

"ಸಾಹೇಬ್ರನ್ನೂ ಸ್ಟಾಫಣ್ಣನ್ನೂ ಬೇರೆ ಮಾಡಿಲ್ಲ. ಕೈ ತೆಗಿ ಅಂತ ಇಬ್ಬರೂ ಹೇಳಿದ್ರು. ಮಟ್ಟ ಅಳೆಯೋದು ದುರ್ಬೀನು ಒಂದರಿಂದ ಆಗಲ್ಲ, ಕೋಲು ಒಂದರಿಂದ ಆಗಲ್ಲ. ಅದೊಂದು ಕಾರಣ. ಇನ್ನೊಂದು..." ಚೀಲದಿಂದ ಪುಸ್ತಕ ತೆಗೆದು ಆ ಪುಟ ಬಿಡಿಸಿ ಸಾಹೇಬರ ಮುಂದೆ ಇಟ್ಟೆ. "ಜಗಳೂರಲ್ಲಿ ಕಲ್ಲು ಸರಿದಿರಲಿಲ್ಲ. ಮೂರು, ಆರು ತಿರುವಿ ಬರೆದವನು ನಾನು. ಎರಡು ತಿಂಗಳಿಗೇ ನನಗೆ ಗೊತ್ತಾಗಿತ್ತು. ಬಾಯಿ ಬಿಡಲಿಲ್ಲ. ಸ್ಟಾಫಣ್ಣನ ಕೈಯನ್ನ ಒಂದು ಸಲ ನಾನು ಆಗ್ಲೇ ಕತ್ತರಿಸಿದ್ದೆ. ಎರಡನೇ ಸಲ ನನ್ನಿಂದ ಆಗಲಿಲ್ಲ. ಇಷ್ಟೇ."

ಸಾಹೇಬರು ಕನ್ನಡಕ ಹಾಕಿಕೊಂಡರು. ಅಂಚಿನ ಎರಡು ಅಂಕಿಗಳ ಮೇಲೆ ಬೆರಳಿಟ್ಟು ತುಟಿಯಲ್ಲೇ ಲೆಕ್ಕ ಮಾಡಿದರು. ಮತ್ತೊಂದು ಸಲ ಮಾಡಿದರು. ಮುಖ ಕೆಂಪಾಯಿತು. ನನಗೆ ಬೈಗುಳ ಬರುತ್ತದೆ ಎಂದು ಕಾದೆ.

"ಮೇಲ್ಗಡೆ ಗೆರೆಗಿಂತ ನಡುವಿಂದು ಹೆಚ್ಚೈತೆ," ಎಂದರು ಮೆಲ್ಲಗೆ. "ಕುರುಡನಿಗೂ ಕಾಣೋ ತಪ್ಪು. ನಾನು ಪುಟ ನೋಡ್ಲಿಲ್ಲ. ಮನುಷ್ಯನ್ನ ನೋಡ್ದೆ."

ನಮ್ಮ ಪುಸ್ತಕದಲ್ಲಿ ತಪ್ಪು ಅಂಕಿಯನ್ನು ಅಳಿಸುವಂತಿಲ್ಲ. ಒಂದೇ ಗೆರೆ ಹೊಡೆದು, ಮೇಲೆ ಸರಿಯಾದದ್ದು ಬರೆದು, ಚಿಕ್ಕ ಸಹಿ ಹಾಕಬೇಕು. ಸಾಹೇಬರು ಜೇಬಿನಿಂದ ಪೆನ್ನು ತೆಗೆದು ಹಾಗೇ ಮಾಡಿದರು. ಆಮೇಲೆ ಪುಸ್ತಕವನ್ನು ಸ್ಟಾಫಣ್ಣನ ಕಡೆ ತಿರುಗಿಸಿದರು. "ನೀನೂ ಒಂದ್ ರುಜು ಹಾಕು."

"ನಂದ್ಯಾಕೆ ಸಾಹೇಬ್ರೇ, ನಾನು ಬರ್ದೋನಲ್ಲ."

"ಕೋಲು ಹಿಡ್ದೋನು ನೀನು. ಹಾಕೋ ಮಾರಾಯ."

ಸ್ಟಾಫಣ್ಣ ಕೈಯನ್ನು ಪಂಚೆಗೆ ಒರೆಸಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ತಮ್ಮ ಹೆಸರು ಬರೆದರು. ಬರೆದು ಮುಗಿಸಿ ನನ್ನ ಕಡೆ ತಿರುಗಿದರು. ಸಿಟ್ಟಿತ್ತು, ಕಣ್ಣಲ್ಲಿ ನೀರೂ ಇತ್ತು.

"ಐದು ನಿಮಿಷದ ಮಾತು ನಿಮ್ದು. ಅದಕ್ಕೆ ಏಳು ವರ್ಷ ಬೇಕಾಯ್ತೇನ್ರೀ?"

ಅಡುಗೆಯವರು ಎಲ್ಲರಿಗೂ ಚಹಾ ಕೊಟ್ಟರು, ನನಗೆ ಕೊನೆಗೆ ಕೊಟ್ಟರು. ಬಸ್ಸಿನ ಹೊತ್ತಾಗಿತ್ತು. ಸಾಹೇಬರು ಹಲಗೆಗೆ ಕೈ ಹಾಕಿದಾಗ ಸ್ಟಾಫಣ್ಣ, "ಬಿಡ್ರಿ, ಭಾರ ಐತೆ," ಎಂದು ಅದನ್ನು ತಲೆಯ ಮೇಲೆ ಇಟ್ಟುಕೊಂಡು ನಿಲ್ದಾಣದವರೆಗೆ ಹೊತ್ತರು. ಇಬ್ಬರೂ ಮುಂದೆ ನಡೆದರು. ಏನು ಮಾತಾಡಿಕೊಂಡರೋ ತಿಳಿಯದು, ನಾವು ಬೇಕೆಂದೇ ಹಿಂದೆ ಉಳಿದಿದ್ದೆವು.

ಹೊಸ ಓವರ್‌ಸಿಯರ್ ಬರುವವರೆಗೆ ಎಂದು ಸೋಮವಾರ ಯಂತ್ರ ನನ್ನ ಪಾಲಿಗೆ ಬಂತು. ಕಿರಿಯ ಚೈನ್‌ಮನ್ ಯಾರೂ ಹೇಳದೆ ಕೋಲನ್ನು ಸ್ಟಾಫಣ್ಣನ ಕೈಗೆ ಕೊಟ್ಟು ತಾನು ಗೂಟದ ಚೀಲ ಎತ್ತಿಕೊಂಡ. ನಾನು ದುರ್ಬೀನಿಗೆ ಕಣ್ಣಿಟ್ಟೆ. ಕೋಲು ಒಂದಿಷ್ಟೂ ಓಲಾಡದೆ ನಿಂತಿತ್ತು. ಅಂಕಿ ನೋಡಿ ಬರೆದುಕೊಂಡು, ಸಾಕು ಎಂದು ಕೈ ಬೀಸಿದೆ. ಅವರು ಕದಲಲಿಲ್ಲ. ಮತ್ತೆ ಬೀಸಿದೆ. ಹೊಲದ ಆ ತುದಿಯಿಂದ, ಎಲ್ಲರಿಗೂ ಕೇಳುವಂತೆ ದನಿ ಬಂತು:

"ಏನ್ ಬರ್ದ್ರಿ? ಕೂಗ್ರೀ!"

ನಾನು ಎದ್ದುನಿಂತು, ಒಂದೊಂದೇ ಅಂಕಿ ಬಿಡಿಸಿ ಕೂಗಿದೆ. ಆಮೇಲೆ ಅವರು ಕೋಲು ಎತ್ತಿದರು.